ಸ್ನೇಹಿತರ ಬಾಜಿಯ ಮೇಲೆ ಬರುವ ಕಮಿಷನ್ ಯಾರ ದುಡ್ಡು?

ಪ್ರಶ್ನೆ: ಸರ್, ನಾನು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ದಾಸರಹಳ್ಳಿಯ ಪಿ.ಜಿ.ಯಲ್ಲಿದ್ದೇನೆ. ಐಪಿಎಲ್ ಸಮಯದಲ್ಲಿ ಟೆಲಿಗ್ರಾಂನಲ್ಲಿ ಬಂದ ಲಿಂಕಿನಿಂದ ಒಂದು ಬೆಟ್ಟಿಂಗ್ ಆ್ಯಪ್ ಹಾಕಿಕೊಂಡು, ನನ್ನ ಕೋಡ್ ಕೊಟ್ಟು ಐದು ಜನ ಸ್ನೇಹಿತರನ್ನು ಸೇರಿಸಿದೆ. ಅವರು ₹1,000 ಹಾಕಿದರೆ ಅವರಿಗೆ ₹1,000 ಬೋನಸ್. ಅವರು ಕಟ್ಟುವ ಪ್ರತಿ ಬಾಜಿಯ ಮೇಲೆ ನನಗೆ ಶೇ. 1 ಕಮಿಷನ್. ನನ್ನ ವಾಲೆಟ್‌ನಲ್ಲಿ ಈಗ ₹9,000 ಇದೆ, ಆದರೆ ₹10,000 ಆಗುವವರೆಗೆ ತೆಗೆಯಲು ಬಿಡುವುದಿಲ್ಲ. ಅವರಲ್ಲಿ ಒಬ್ಬ ಸಾಲ ಮಾಡಿಕೊಂಡಿದ್ದಾನೆ, ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಆ್ಯಪ್‌ನ ‘ಮ್ಯಾನೇಜರ್’ ಎನ್ನುವವನು ಇನ್ನಿಬ್ಬರನ್ನು ಸೇರಿಸು, ನಿನ್ನ ಬ್ಯಾಂಕ್ ಖಾತೆ ಕೊಟ್ಟರೆ ಏಜೆಂಟ್ ಮಾಡುತ್ತೇನೆ ಎನ್ನುತ್ತಿದ್ದಾನೆ. ಆಡಿದ್ದು ಅವರ ಇಷ್ಟ, ನಾನು ಬರೀ ಕೋಡ್ ಕೊಟ್ಟೆ. ನನ್ನದು ತಪ್ಪಾಗುತ್ತದೆಯೇ? ಕಾನೂನಿನ ತೊಂದರೆ ಬರುತ್ತದೆಯೇ?

ಉತ್ತರ: ಕಾನೂನಿನ ಮಾತಿಗೆ ಬರುವ ಮೊದಲು ಒಂದು ಲೆಕ್ಕ ಮಾಡೋಣ. ವಕೀಲನಾದ ನಾನು ಲೆಕ್ಕದಿಂದ ಆರಂಭಿಸುವುದು ವಿಚಿತ್ರವಾಗಿ ಕಾಣಬಹುದು. ಆದರೆ ನೀವು ಕೇಳಿರುವ ಎರಡೂ ಪ್ರಶ್ನೆಗಳ ಉತ್ತರ ನಿಮ್ಮ ವಾಲೆಟ್‌ನಲ್ಲಿರುವ ಆ ₹9,000ದೊಳಗೇ ಇದೆ.

ನಿಮಗೆ ಬರುವುದು ಬಾಜಿಯ ಮೊತ್ತದ ಶೇ. 1 ಎಂದಾದರೆ, ₹9,000 ಸೇರಬೇಕಾದರೆ ನಿಮ್ಮ ಐವರು ಸ್ನೇಹಿತರು ಒಟ್ಟು ₹9 ಲಕ್ಷದಷ್ಟು ಬಾಜಿ ಕಟ್ಟಿರಬೇಕು. ಅಷ್ಟು ಹಣ ಅವರ ಬಳಿ ಎಲ್ಲಿತ್ತು ಎಂದು ನಿಮಗೆ ಅನುಮಾನ ಬರುವುದು ಸಹಜ. ಅಷ್ಟು ಹಣ ಅವರ ಬಳಿ ಇರಬೇಕಾಗಿಯೂ ಇಲ್ಲ, ಏಕೆಂದರೆ ಇಲ್ಲಿ ಅದೇ ಸಾವಿರ ರೂಪಾಯಿ ಮತ್ತೆ ಮತ್ತೆ ಸುತ್ತುತ್ತದೆ: ಒಬ್ಬನು ₹500 ಕಟ್ಟಿ ಗೆಲ್ಲುತ್ತಾನೆ, ಗೆದ್ದದ್ದನ್ನು ಸೇರಿಸಿ ಮುಂದಿನ ಓವರಿಗೆ ಕಟ್ಟುತ್ತಾನೆ, ಸೋಲುತ್ತಾನೆ, ಇನ್ನೊಂದು ಸಾವಿರ ಹಾಕುತ್ತಾನೆ. ಒಂದು ಪಂದ್ಯ ಮುಗಿಯುವಷ್ಟರಲ್ಲಿ ಅವನ ಜೇಬಿನಿಂದ ಹೋದದ್ದು ಎರಡು ಸಾವಿರವಾದರೂ ಅವನು ಕಟ್ಟಿದ ಬಾಜಿಗಳ ಮೊತ್ತ ಹದಿನೈದು ಸಾವಿರ ದಾಟಿರಬಹುದು. ಕಮಿಷನ್ ಲೆಕ್ಕ ಹಾಕುವುದು ಈ ಸುತ್ತಿದ ಮೊತ್ತದ ಮೇಲೆ. ಆದ್ದರಿಂದಲೇ ಅದು ನಿಮಗೆ ನಿತ್ಯ ಹನಿ ಹನಿಯಾಗಿ ಬರುತ್ತದೆ, ನಿಮ್ಮ ಸ್ನೇಹಿತ ಗೆದ್ದ ದಿನವೂ ಬರುತ್ತದೆ, ಮತ್ತು ಅದು ಯಾರ ನಷ್ಟದಿಂದಲೂ ಬಂದದ್ದಲ್ಲ ಎಂಬ ಭಾವನೆ ಮೂಡಿಸುತ್ತದೆ.

ಈಗ ಆ ಮೊತ್ತದಲ್ಲಿ ಆ್ಯಪ್‌ಗೆ ಉಳಿಯುವುದೆಷ್ಟು ಎಂದು ನೋಡಿ. ಎರಡು ತಂಡಗಳು ಸರಿಸಮ ಎನಿಸುವ ಪಂದ್ಯದಲ್ಲಿ ಎರಡೂ ಕಡೆ 1.90 ದರ ಕೊಟ್ಟಿದ್ದಾರೆ ಎಂದುಕೊಳ್ಳೋಣ. ಅಂದರೆ ₹100 ಕಟ್ಟಿ ಗೆದ್ದವನಿಗೆ ₹190 ಮರಳುತ್ತದೆ. ಒಬ್ಬನು ಒಂದು ತಂಡದ ಮೇಲೆ ₹100, ಇನ್ನೊಬ್ಬನು ಎದುರು ತಂಡದ ಮೇಲೆ ₹100 ಕಟ್ಟಿದರೆ ಆ್ಯಪ್ ಪಡೆದದ್ದು ₹200, ಗೆದ್ದವನಿಗೆ ಕೊಟ್ಟದ್ದು ₹190. ಯಾವ ತಂಡ ಗೆದ್ದರೂ ₹10 ಅದರ ಬಳಿಯೇ ಉಳಿಯಿತು; ಇದು ಕಟ್ಟಿದ ಒಟ್ಟು ಮೊತ್ತದ ಶೇ. 5. ಇದೇ ₹200ರ ಬಾಜಿಗೆ ನಿಮಗೆ ಸಿಗುವ ಕಮಿಷನ್ ₹2. ಅಂದರೆ ನಿಮ್ಮ ಸ್ನೇಹಿತರಿಂದ ಕಿತ್ತುಕೊಂಡ ಪ್ರತಿ ಹತ್ತು ರೂಪಾಯಿಯಲ್ಲಿ ಎರಡನ್ನು ನಿಮ್ಮ ವಾಲೆಟ್‌ಗೆ ಹಾಕುತ್ತಾರೆ, ಎಂಟನ್ನು ತಾವು ಇಟ್ಟುಕೊಳ್ಳುತ್ತಾರೆ.

ಈ ದರವನ್ನು ₹9 ಲಕ್ಷಕ್ಕೆ ಅನ್ವಯಿಸಿದರೆ ನಿಮ್ಮ ಐವರು ಸ್ನೇಹಿತರ ನಷ್ಟ ಸುಮಾರು ₹45,000 ಆಗುತ್ತದೆ. ಇದು ಸರಾಸರಿಯ ಅಂದಾಜು. ಅವರಲ್ಲಿ ಯಾರೋ ಒಬ್ಬನು ಸದ್ಯಕ್ಕೆ ಲಾಭದಲ್ಲಿಯೂ ಇರಬಹುದು. ಆದರೆ ಮುಂದಿನ ಓವರಿನಲ್ಲಿ ಎಷ್ಟು ರನ್, ಮುಂದಿನ ವಿಕೆಟ್ ಯಾರದು ಎಂಬಂತಹ ಬಾಜಿಗಳಲ್ಲಿ ಆ್ಯಪ್ ಇಟ್ಟುಕೊಳ್ಳುವ ಪಾಲು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿರುವುದರಿಂದ ನಿಜವಾದ ನಷ್ಟ ಈ ಅಂದಾಜಿಗಿಂತ ಹೆಚ್ಚೇ ಇರುವ ಸಾಧ್ಯತೆಯಿದೆ. ಅದು ಐವರಲ್ಲಿ ಸಮನಾಗಿ ಹಂಚಿಹೋಗುವುದೂ ಇಲ್ಲ. ಇಬ್ಬರು ಬೋನಸ್ ಮುಗಿದ ಕೂಡಲೇ ಬಿಟ್ಟಿರುತ್ತಾರೆ, ಇಬ್ಬರು ಆಗೊಮ್ಮೆ ಈಗೊಮ್ಮೆ ಆಡುತ್ತಾರೆ, ಭಾರವೆಲ್ಲ ಒಬ್ಬನ ಮೇಲೆ ಬಿದ್ದಿರುತ್ತದೆ. ನಿಮ್ಮೊಡನೆ ಮಾತು ಬಿಟ್ಟವನೇ ಆ ಒಬ್ಬ ಎಂದು ನಾನು ಊಹಿಸುತ್ತೇನೆ.

ವಾಲೆಟ್ ತುಂಬಲು ಇನ್ನು ಬೇಕಾಗಿರುವ ₹1,000ವನ್ನು ಇದೇ ಕಣ್ಣಿನಿಂದ ನೋಡಿ. ನಿಮಗದು ಕೈಗೆ ಸಿಗುವಷ್ಟು ಹತ್ತಿರವಿರುವ ಸಣ್ಣ ಮೊತ್ತ. ಆದರೆ ಅದು ಬರಬೇಕಾದರೆ ನಿಮ್ಮವರು ಇನ್ನೂ ₹1 ಲಕ್ಷದ ಬಾಜಿ ಕಟ್ಟಬೇಕು, ಸರಾಸರಿ ಇನ್ನೂ ₹5,000 ಕಳೆದುಕೊಳ್ಳಬೇಕು. ಮಿತಿಯನ್ನು ಅಲ್ಲಿಯೇ ಇಟ್ಟಿರುವುದು ಆಕಸ್ಮಿಕವಲ್ಲ. ₹9,000 ಕಣ್ಣೆದುರು ಇದ್ದು ಕೈಗೆ ಸಿಗದ ಸ್ಥಿತಿಯಲ್ಲಿರುವ ಮನುಷ್ಯ ಪಿ.ಜಿ.ಯಲ್ಲಿ ಪಕ್ಕದ ಮಂಚದವನಿಗೆ “ಇವತ್ತು ಆರ್‌ಸಿಬಿ ಮ್ಯಾಚ್, ಸುಮ್ಮನೆ ಒಂದು ಸಾವಿರ ಹಾಕು” ಎಂದು ಹೇಳದೆ ಇರುವುದು ಕಷ್ಟ. ಹಾಗೆ ಹೇಳಿದ ಕ್ಷಣದಲ್ಲಿ ಅವನು ಸ್ನೇಹಿತನಾಗಿ ಮಾತನಾಡುತ್ತಿದ್ದಾನೋ ಮಾರಾಟಗಾರನಾಗಿಯೋ ಎಂಬುದು ಅವನಿಗೇ ತಿಳಿದಿರುವುದಿಲ್ಲ. ಇನ್ನೊಂದು ಮಾತು: ₹10,000 ಆದ ಮೇಲಾದರೂ ಹಣ ಕೈಗೆ ಬರುತ್ತದೆ ಎಂಬ ಖಾತರಿಯಿಲ್ಲ. ಆಗ ‘ಇನ್ನಿಬ್ಬರು ಸಕ್ರಿಯ ಸದಸ್ಯರು ಬೇಕು’ ಅಥವಾ ‘ಮೊದಲು ತೆರಿಗೆ ಕಟ್ಟಿ’ ಎಂಬ ಹೊಸ ಷರತ್ತು ಹುಟ್ಟಿಕೊಳ್ಳುವುದು ಇಂತಹ ಆ್ಯಪ್‌ಗಳಲ್ಲಿ ಸಾಮಾನ್ಯ. ನಿಮ್ಮ ಮ್ಯಾನೇಜರ್ ಈಗಾಗಲೇ ಇನ್ನಿಬ್ಬರನ್ನು ಕೇಳಿದ್ದಾನೆ ಎಂಬುದನ್ನು ಗಮನಿಸಿ.

ನಿಮ್ಮ ಸ್ನೇಹಿತರಿಗೆ ಕೊಟ್ಟ ₹1,000 ಬೋನಸ್ ಕೂಡ ಉಡುಗೊರೆಯಲ್ಲ. ಇಂತಹ ಬೋನಸ್‌ಗಳಿಗೆ ಸಾಮಾನ್ಯವಾಗಿ ಹಾಕಿದ ಹಣ ಮತ್ತು ಬೋನಸ್ ಎರಡನ್ನೂ ಸೇರಿಸಿ ಇಂತಿಷ್ಟು ಪಟ್ಟು ಬಾಜಿ ಕಟ್ಟಿದ ಮೇಲೆಯೇ ಹಿಂತೆಗೆಯಬಹುದು ಎಂಬ ಷರತ್ತಿರುತ್ತದೆ. ಹತ್ತು ಪಟ್ಟು ಎಂದಿಟ್ಟುಕೊಂಡರೆ ₹2,000ಕ್ಕೆ ₹20,000 ಬಾಜಿ ಕಟ್ಟಬೇಕು, ಅದರ ಶೇ. 5 ಎಂದರೆ ₹1,000. ಷರತ್ತು ಮುಗಿಯುವಷ್ಟರಲ್ಲಿ ಸರಾಸರಿಯಾಗಿ ಬೋನಸ್ ಪೂರ್ತಿ ಕರಗಿಹೋಗಿರುತ್ತದೆ, ಅನೇಕರು ಷರತ್ತು ಮುಗಿಸುವ ಮೊದಲೇ ತಮ್ಮ ಸ್ವಂತ ಹಣವನ್ನೂ ಕಳೆದುಕೊಂಡಿರುತ್ತಾರೆ. ಬೋನಸ್‌ನಿಂದ ಉಳಿಯುವುದು ಅಭ್ಯಾಸ ಮಾತ್ರ: ಏಳು ದಿನದೊಳಗೆ ಮುಗಿಸಬೇಕು ಎಂದರೆ ಏಳು ದಿನವೂ ಆಡಬೇಕು. ಎಂದೂ ಬಾಜಿ ಕಟ್ಟದವನು ಒಂದು ವಾರದಲ್ಲಿ ಇಪ್ಪತ್ತು ಸಾವಿರದ ಬಾಜಿ ಕಟ್ಟಲು ಕಲಿತಿರುತ್ತಾನೆ.

“ಆಡಿದ್ದು ಅವರ ಇಷ್ಟ” ಎಂಬ ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಬಾಜಿ ಕಟ್ಟಿದ್ದು ಅವರ ಬೆರಳು. ಆದರೆ ಪ್ಲೇ ಸ್ಟೋರ್‌ನಲ್ಲಿ ಇಲ್ಲದ, ಎಲ್ಲಿಯವರು ನಡೆಸುತ್ತಾರೆಂದೇ ಗೊತ್ತಿಲ್ಲದ ಒಂದು ಫೈಲನ್ನು ಅವರು ಮೊಬೈಲ್‌ಗೆ ಹಾಕಿಕೊಂಡದ್ದು ಆ್ಯಪ್ ಮೇಲಿನ ನಂಬಿಕೆಯಿಂದಲ್ಲ, ನಿಮ್ಮ ಮೇಲಿನ ನಂಬಿಕೆಯಿಂದ. ಅಪರಿಚಿತರ ಜಾಹೀರಾತನ್ನು ನೋಡಿ ದೂರ ಸರಿಯುವವನೂ ರೂಮ್‌ಮೇಟ್ ತೋರಿಸಿದ ಗೆಲುವಿನ ಸ್ಕ್ರೀನ್‌ಶಾಟ್ ನೋಡಿದಾಗ ಅನುಮಾನಿಸುವುದಿಲ್ಲ. ಸೋತ ದಿನದ ಸ್ಕ್ರೀನ್‌ಶಾಟನ್ನು ಯಾರೂ ಸ್ಟೇಟಸ್‌ಗೆ ಹಾಕುವುದಿಲ್ಲವಷ್ಟೆ. ಆ್ಯಪ್‌ಗಳು ಜಾಹೀರಾತಿಗೆ ಕೊಡಬೇಕಾದ ಹಣವನ್ನು ನಿಮ್ಮಂಥವರಿಗೆ ಕಮಿಷನ್ ಎಂದು ಕೊಡುವುದು ಈ ಕಾರಣಕ್ಕೇ.

ಇದರ ಇನ್ನೊಂದು ಪರಿಣಾಮವನ್ನು ಕಕ್ಷಿದಾರರಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಸ್ನೇಹಿತನ ಮೂಲಕ ಸೇರಿದವನು ಸೋತಾಗ ದೂರು ಕೊಡುವುದಿಲ್ಲ. ದೂರು ಕೊಟ್ಟರೆ ಸ್ನೇಹಿತನ ಹೆಸರು ಹೇಳಬೇಕಾಗುತ್ತದೆ, ಮನೆಯವರಿಗೆ ತಿಳಿಯುತ್ತದೆ. ಇತ್ತ ಸೇರಿಸಿದವನು “ಸಾಕು, ಬಿಡು” ಎಂದು ಹೇಳಲಾರ; ಹೇಳಿದರೆ ತನಗೆ ಬಂದ ಕಮಿಷನ್ ಬಯಲಾಗುತ್ತದೆ. ಇಬ್ಬರೂ ಬಾಯಿ ಮುಚ್ಚಿಕೊಂಡಿರುವಾಗ, ಸೋತವನ ವಾಲೆಟ್ ಖಾಲಿಯಾದ ಹೊತ್ತಿಗೆ ಸರಿಯಾಗಿ ಅವನ ಫೋನಿಗೂ ಒಂದು ಸಂದೇಶ ಬರುತ್ತದೆ: ಸ್ನೇಹಿತರನ್ನು ಸೇರಿಸಿ, ಕಳೆದದ್ದನ್ನು ಮರಳಿ ಪಡೆಯಿರಿ. ಸಾಲ ಮಾಡಿ ಸೋತವನು ಹೀಗೆ ತನ್ನ ತಮ್ಮನನ್ನೋ ಊರಿನ ಸಹಪಾಠಿಯನ್ನೋ ಸೇರಿಸುತ್ತಾನೆ. ನಿಮ್ಮ ಆ್ಯಪ್‌ನ ‘ಟೀಮ್’ ಪುಟದಲ್ಲಿ ನಿಮ್ಮ ಐವರ ಕೆಳಗೆ ಎರಡನೆಯ ಹಂತದ ಹೆಸರುಗಳು ಇವೆಯೇ ನೋಡಿ. ಇದ್ದರೆ ನಿಮ್ಮ ಕೋಡ್ ನೀವು ಎಂದೂ ನೋಡದ ಮನೆಗಳನ್ನೂ ಮುಟ್ಟಿದೆ ಎಂದರ್ಥ.

ಇನ್ನು ಕಾನೂನು. ಕರ್ನಾಟಕದಲ್ಲಿ ಕ್ರಿಕೆಟ್ ಬೆಟ್ಟಿಂಗ್ ಹೊಸದಾಗಿ ಅಪರಾಧವಾದದ್ದಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಬೆಂಗಳೂರಿನ ಸಿಸಿಬಿ ಪೊಲೀಸರು ಬುಕ್ಕಿಗಳನ್ನು ಹಿಡಿಯುವ ಸುದ್ದಿಯನ್ನು ನೀವು ಪ್ರತಿ ಐಪಿಎಲ್ ಸಮಯದಲ್ಲೂ ಓದಿರುತ್ತೀರಿ. ಇದರ ಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟವನ್ನು, ಅದು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಒದಗಿಸುವುದನ್ನು ಇದು ನಿಷೇಧಿಸುತ್ತದೆ. ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿವೆ. ಆದರೆ ಪ್ಲೇ ಸ್ಟೋರ್‌ನ ಹೊರಗೆ ಟೆಲಿಗ್ರಾಂ ಮೂಲಕ ಹರಡುವ ನಿಮ್ಮಂತಹ ಕ್ರಿಕೆಟ್ ಬೆಟ್ಟಿಂಗ್ ಆ್ಯಪ್‌ಗೆ ಆ ವ್ಯಾಜ್ಯದಿಂದ ರಕ್ಷಣೆ ಸಿಗುತ್ತದೆ ಎಂದು ಎಣಿಸಬೇಡಿ.

ಆ ಕಾಯ್ದೆಯಲ್ಲಿ ನಿಮಗೆ ಸಂಬಂಧಿಸಿದ ಅಂಶ ಒಂದಿದೆ. ಆಡಿದ್ದಷ್ಟಕ್ಕೇ ಅದು ಯಾರಿಗೂ ಶಿಕ್ಷೆ ವಿಧಿಸುವುದಿಲ್ಲ; ಆಡಿದವನನ್ನು ಬಲಿಯಾದವನೆಂದು ನೋಡುತ್ತದೆ. ಶಿಕ್ಷೆ ಇರುವುದು ಆಟ ಒದಗಿಸುವವರಿಗೆ, ಅದನ್ನು ಪ್ರಚಾರ ಮಾಡುವವರಿಗೆ, ಅದರ ಹಣ ಸಾಗಿಸುವವರಿಗೆ. ಒದಗಿಸುವವರಿಗೂ ಹಣದ ವಹಿವಾಟಿಗೆ ನೆರವಾಗುವವರಿಗೂ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿಯವರೆಗೆ ದಂಡ; ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ. ಜಾಹೀರಾತನ್ನು ಕುರಿತ ಕಲಮು ನೇರವಾಗಿ ಅಥವಾ ಪರೋಕ್ಷವಾಗಿ ಆಡಲು ಪ್ರೇರೇಪಿಸುವುದನ್ನೂ ಅದಕ್ಕೆ ನೆರವಾಗುವುದನ್ನೂ ಒಳಗೊಳ್ಳುತ್ತದೆ. ಸ್ನೇಹಿತನಿಗೆ ಖಾಸಗಿಯಾಗಿ ಕಳಿಸಿದ ಒಂದು ಕೋಡ್ ಜಾಹೀರಾತಾಗುತ್ತದೆಯೇ ಎಂಬುದು ವಾದಕ್ಕೆ ಅವಕಾಶವಿರುವ ಪ್ರಶ್ನೆ. ಅದೇ ಕೋಡನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ, ಊರಿನ ಕ್ರಿಕೆಟ್ ತಂಡದ ಗ್ರೂಪ್‌ಗೆ ಹಾಕಿ ಅದರಿಂದ ಕಮಿಷನ್ ಪಡೆದಿದ್ದರೆ ನಿಮ್ಮ ಪರವಾಗಿ ವಾದಿಸುವ ವಕೀಲರ ಕೆಲಸ ಬಹಳ ಕಷ್ಟವಾಗುತ್ತದೆ. ಪೊಲೀಸರು ಕೋಡ್ ಕೊಟ್ಟ ಪ್ರತಿಯೊಬ್ಬನನ್ನೂ ಹುಡುಕಿಕೊಂಡು ಬರುತ್ತಾರೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ “ನಾನು ಬರೀ ಕೋಡ್ ಕೊಟ್ಟೆ” ಎಂಬ ಮಾತಿನಿಂದ ನೀವು ಬಲಿಯಾದವರ ಸಾಲಿಗೆ ಸೇರುವುದಿಲ್ಲ. ಕಮಿಷನ್ ನಿಮ್ಮನ್ನು ಬೇರೊಂದು ಸಾಲಿಗೆ ಸರಿಸುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಗಾಬರಿಗೊಳಿಸಿದ್ದು ಬ್ಯಾಂಕ್ ಖಾತೆಯ ಮಾತು. ಆ ಮ್ಯಾನೇಜರ್ ಕೇಳುತ್ತಿರುವುದು ಏಜೆಂಟನನ್ನಲ್ಲ, ಹಣ ಹಾಯಿಸಲು ಬೇರೆಯವರ ಹೆಸರಿನ ಒಂದು ಖಾತೆಯನ್ನು. ಇಂತಹ ಆ್ಯಪ್‌ಗಳಲ್ಲಿ ಹಣ ಹಾಕುವಾಗ ಪ್ರತಿ ಸಲ ಬೇರೆ ಬೇರೆ ಯುಪಿಐ ಐಡಿ, ಯಾವುದೋ ವ್ಯಕ್ತಿಯ ಅಥವಾ ಯಾವುದೋ ಅಂಗಡಿಯ ಹೆಸರು ಬರುವುದನ್ನು ನೀವೇ ನೋಡಿರಬೇಕು. ಅವೆಲ್ಲ ಹೀಗೆ ಪಡೆದ ಖಾತೆಗಳೇ. ನಿಮ್ಮ ಖಾತೆಯಲ್ಲಿ ಬೆಟ್ಟಿಂಗ್ ಹಣದ ಜೊತೆಗೆ ಬೇರೆ ವಂಚನೆಯ ಹಣವೂ ಹರಿಯುತ್ತದೆ. ಬೇರೊಂದು ರಾಜ್ಯದಲ್ಲಿ ಹಣ ಕಳೆದುಕೊಂಡ ಒಬ್ಬರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ, ಹಣ ಯಾವ ಯಾವ ಖಾತೆ ದಾಟಿತೋ ಅವುಗಳ ಜಾಡು ಹಿಡಿದು ಬ್ಯಾಂಕುಗಳು ಆ ಖಾತೆಗಳನ್ನು ತಡೆಹಿಡಿಯುತ್ತವೆ. ಆಗ ನಿಮ್ಮ ಸಂಬಳವೂ ಅದೇ ಖಾತೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಮತ್ತು ನೀವು ಎಂದೂ ಹೋಗದ ಊರಿನ ಠಾಣೆಯಿಂದ ನೋಟಿಸ್ ಬರುತ್ತದೆ. ಮ್ಯಾನೇಜರ್‌ನ ಹೆಸರು, ವಿಳಾಸ ಯಾರ ಬಳಿಯೂ ಇರುವುದಿಲ್ಲ. ಆಧಾರ್, ಪ್ಯಾನ್ ಸಮೇತ ಕಾಗದದಲ್ಲಿ ಸಿಗುವವರು ನೀವು ಒಬ್ಬರೇ. ಖಾತೆ, ಎಟಿಎಂ ಕಾರ್ಡ್, ಬ್ಯಾಂಕಿಗೆ ಜೋಡಿಸಿದ ಸಿಮ್, ಇವುಗಳಲ್ಲಿ ಯಾವುದನ್ನೂ ಒಂದು ದಿನದ ಮಟ್ಟಿಗೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಈ ಉತ್ತರವನ್ನು ಓದುವುದನ್ನು ನಿಲ್ಲಿಸಿ ಮೊದಲು ಬ್ಯಾಂಕಿನ ಶಾಖೆಗೆ ಹೋಗಿ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ.

ಈಗ ಮಾಡಬೇಕಾದದ್ದು. ಕೋಪದಲ್ಲಿ ಆ್ಯಪನ್ನು ಅಳಿಸಿಹಾಕುವುದಕ್ಕಿಂತ ಮೊದಲು ಟೀಮ್ ಪುಟ, ಕಮಿಷನ್ ವಿವರ, ಮ್ಯಾನೇಜರ್ ಜೊತೆಗಿನ ಮಾತುಕತೆ, ಹಣ ಕಳಿಸಿದ ಯುಪಿಐ ಐಡಿಗಳು ಮತ್ತು ವಹಿವಾಟು ಸಂಖ್ಯೆಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ನಂತರ ಕೋಡ್ ಹಾಕಿದ ಸ್ಟೇಟಸ್, ಪೋಸ್ಟುಗಳನ್ನು ತೆಗೆದುಹಾಕಿ, ಆ್ಯಪ್‌ಗೆ ಕೊಟ್ಟಿರುವ ಕಾಂಟ್ಯಾಕ್ಟ್ಸ್ ಮತ್ತು ಎಸ್‌ಎಂಎಸ್ ಅನುಮತಿಯನ್ನು ಹಿಂಪಡೆದು ಅದನ್ನು ತೆಗೆಯಿರಿ. ವಾಲೆಟ್‌ನ ₹9,000ವನ್ನು ಬಿಟ್ಟುಬಿಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಅದನ್ನು ಪಡೆಯಲು ಎಷ್ಟು ಹಣ ಬೇರೆಯವರ ಜೇಬಿನಿಂದ ಹೋಗಬೇಕು ಎಂದು ನೋಡಿದ್ದೇವೆ. ಜೊತೆಗೆ ಅದು ನಿಮ್ಮ ಬ್ಯಾಂಕ್ ಖಾತೆಗೆ ಬಂದರೆ ಯಾರದೋ ಅಪರಿಚಿತ ಖಾತೆಯಿಂದಲೇ ಬರುತ್ತದೆ. ದೂರನ್ನು cybercrime.gov.in ತಾಣದಲ್ಲಿ ಸಲ್ಲಿಸಬಹುದು. ನೀವೂ ಕಮಿಷನ್ ಪಡೆಯಲು ಕೋಡ್ ಹಂಚಿದ್ದೀರಿ ಎಂಬ ಕಾರಣದಿಂದ, ದೂರಿನ ಮೊದಲು ಒಬ್ಬ ವಕೀಲರಿಗೆ ಸ್ಕ್ರೀನ್‌ಶಾಟುಗಳನ್ನು ತೋರಿಸಿ ಮಾತನಾಡುವುದು ಒಳ್ಳೆಯದು. ಶುಲ್ಕ ಕೊಡಲಾಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

ಐವರು ಸ್ನೇಹಿತರಿಗೂ ಹೇಳಬೇಕು, ಒಬ್ಬೊಬ್ಬರಿಗೇ, ಮುಖಾಮುಖಿಯಾಗಿ. ಬುದ್ಧಿಮಾತಿನಿಂದ ಆರಂಭಿಸಿದರೆ ಅವರು ಕೇಳುವುದಿಲ್ಲ, ಮುಚ್ಚಿಟ್ಟದ್ದರಿಂದ ಆರಂಭಿಸಿ. “ಮಗಾ, ನೀನು ಕಟ್ಟಿದ ಪ್ರತಿ ಬಾಜಿಗೂ ನನಗೆ ಕಮಿಷನ್ ಬರ್ತಿತ್ತು, ನಿನಗೆ ಹೇಳಿರಲಿಲ್ಲ. ಇವತ್ತಿಂದ ನಾನು ಬಿಟ್ಟಿದೀನಿ, ನೀನು ಎಷ್ಟು ಕಳ್ಕೊಂಡೆ ಅಂತ ಇಬ್ಬರೂ ಕೂತು ನೋಡೋಣ” ಎಂಬಷ್ಟು ಸಾಕು. ನೋಡುವಾಗ ಆ್ಯಪ್‌ನ ಹಿಸ್ಟರಿಯನ್ನು ನಂಬಬೇಡಿ, ಅದರಲ್ಲಿ ಗೆಲುವುಗಳೇ ಎದ್ದು ಕಾಣುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಹೋದ ಹಣವನ್ನೆಲ್ಲ ಕೂಡಿ, ಮರಳಿ ಬಂದದ್ದನ್ನು ಕಳೆಯಿರಿ. ತನ್ನ ನಷ್ಟ ಹತ್ತು ಸಾವಿರ ಎಂದುಕೊಂಡವನು ಈ ಲೆಕ್ಕದ ಮುಂದೆ ಸುಮ್ಮನಾಗುವುದನ್ನು ನನ್ನ ಕಚೇರಿಯಲ್ಲಿ ನೋಡಿದ್ದೇನೆ.

ಸಾಲ ಮಾಡಿಕೊಂಡ ಸ್ನೇಹಿತನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸಂಬಳ ಬಂದ ವಾರದಲ್ಲೇ ಕೈಸಾಲ ಕೇಳುವುದು, ಒಂದು ಲೋನ್ ಆ್ಯಪ್‌ನ ಕಂತನ್ನು ಇನ್ನೊಂದರಿಂದ ತೀರಿಸುವುದು, “ರಿಕವರಿ ಆದ ಕೂಡಲೇ ಬಿಡ್ತೀನಿ” ಎನ್ನುವುದು, ಇವು ಕಾಣುತ್ತಿದ್ದರೆ ಅವನು ಈಗ ಖುಷಿಗೆ ಆಡುತ್ತಿಲ್ಲ, ಕಳೆದದ್ದರ ಬೆನ್ನು ಹತ್ತಿದ್ದಾನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿಯೂ ಜೂಜಿನ ವ್ಯಸನಕ್ಕೆ ಪ್ರತ್ಯೇಕ ಸ್ಥಾನವಿದೆ. ಇದನ್ನು ದುಶ್ಚಟ ಎಂದು ಬೈದು ಬಿಡಿಸಲಾಗದು. ಅವನ ಕೈಗೆ ನಗದು ಕೊಡಬೇಡಿ. ಹಿಂದೆ ಕಮಿಷನ್ ಎಂದು ನಿಮ್ಮ ಕೈಸೇರಿದ ಹಣ ಏನಾದರೂ ಇದ್ದರೆ ಅದರಿಂದ ಅವನ ಸಾಲದ ಕಂತನ್ನು ನೇರವಾಗಿ ಸಾಲ ಕೊಟ್ಟ ಸಂಸ್ಥೆಗೆ ಕಟ್ಟಿ. ಅವನ ಸಾಲವೆಲ್ಲ ನನ್ನದೇ ಎಂದು ನೀವೂ ಸಾಲ ಮಾಡುವುದು ಬೇಡ. ಆ ಗಾಬರಿಯಲ್ಲೇ ಜನ ಮತ್ತೆ ಬಾಜಿಗೆ ಇಳಿಯುತ್ತಾರೆ.

ಅವನು ಮಾತು ಬಿಟ್ಟಿದ್ದಾನೆ ಎಂದಿದ್ದೀರಿ. ಅದು ನಿಮ್ಮ ಮೇಲಿನ ಸಿಟ್ಟಷ್ಟೇ ಆಗಿರಬಹುದು, ಹಾಗಲ್ಲದೆಯೂ ಇರಬಹುದು. ನಾಳೆಯೇ ಹೋಗಿ ನೋಡಿ. ಊಟ, ನಿದ್ದೆ ಬಿಟ್ಟಿದ್ದರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಅವನ ಪಕ್ಕದಲ್ಲಿ ಕುಳಿತೇ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಚಿಕಿತ್ಸೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಮೊಬೈಲ್ ಮತ್ತು ಇಂಟರ್‌ನೆಟ್ ಬಳಕೆಯ ಸಮಸ್ಯೆಗಳಿಗಾಗಿಯೇ ಅಲ್ಲಿ ‘ಶಟ್’ ಎಂಬ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಮೊದಲ ಸಲ ಅವನ ಜೊತೆ ನೀವೇ ಹೋಗಿ.

ಮ್ಯಾನೇಜರ್‌ಗೆ ವಿವರಣೆ ಕೊಡುವ ಅಗತ್ಯವಿಲ್ಲ, ಬ್ಲಾಕ್ ಮಾಡಿ. ಕೆಲವು ದಿನಗಳ ನಂತರ ಬೇರೊಂದು ಸಂಖ್ಯೆಯಿಂದ “ಬೆಟ್ಟಿಂಗ್‌ನಲ್ಲಿ ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಫೀಸ್ ಕಟ್ಟಿ” ಎಂದು ನಿಮಗೋ ನಿಮ್ಮ ಸ್ನೇಹಿತರಿಗೋ ಕರೆ ಬರಬಹುದು. ಸೋತವರ ಸಂಖ್ಯೆಗಳ ಪಟ್ಟಿ ಇಂಥವರ ಕೈಗೆ ಸಿಗುವುದು ಕಷ್ಟವೇನಲ್ಲ. ಐವರಿಗೂ ಈ ಮಾತನ್ನು ಮೊದಲೇ ತಿಳಿಸಿಡಿ.